ಪಾರ್ಲರ್ ನವೀಕರಣಕ್ಕೆ ಮುಚ್ಚುತ್ತಿದ್ದೀರಾ? ಗ್ರಾಹಕರಿಗೆ ನೋಟಿಸ್ ಹೀಗೆ ಬರೆಯಿರಿ

ಒಮ್ಮೆ ನಾನು ಹೋಗುತ್ತಿದ್ದ ಪಾರ್ಲರ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ‘ನವೀಕರಣ ನಡೆಯುತ್ತಿದೆ. ಶೀಘ್ರದಲ್ಲೇ ತೆರೆಯಲಿದೆ.’ ಅಷ್ಟೇ. ಹತ್ತು ಸಿಟ್ಟಿಂಗ್‌ಗೆ ನಾನು ಮೊದಲೇ ದುಡ್ಡು ಕಟ್ಟಿದ್ದೆ, ಇನ್ನೂ ಆರು ಬಾಕಿ ಇದ್ದವು. ಶೀಘ್ರ ಅಂದರೆ ಯಾವಾಗ? ನನ್ನ ದುಡ್ಡಿನ ಗತಿ ಏನು? ಕೇಳೋಣ ಅಂದರೆ ಚೀಟಿಯಲ್ಲಿ ಫೋನ್ ನಂಬರ್ ಕೂಡ ಇರಲಿಲ್ಲ. ನಿಮ್ಮ ಗ್ರಾಹಕರಿಗೆ ಹೀಗಾಗಬಾರದು ಅಂದರೆ ಬರೆಯಲು ಕೂರುವ ಮೊದಲೇ ಕೆಲವು ವಿಷಯ ತೀರ್ಮಾನ ಮಾಡಿಕೊಳ್ಳಬೇಕು.

ಮೊದಲು ತಾರೀಖು. ಕಂಟ್ರಾಕ್ಟರ್ 12 ದಿನ ಸಾಕು ಅಂದರೆ ನೀವು 16 ದಿನ ಅಂತ ಬರೆಯಿರಿ. ಟೈಲ್ಸ್ ಗಟ್ಟಿಯಾಗಲು, ಪೇಂಟ್ ವಾಸನೆ ಹೋಗಲು ದಿನ ಬೇಕು. ತಲೆ ತೊಳೆಯುವ ಬೇಸಿನ್ ಸೋರುತ್ತಿದೆಯಾ ಅನ್ನುವುದು ನೀರು ಬಿಟ್ಟ ಮೇಲೆಯೇ ಗೊತ್ತಾಗುತ್ತದೆ. ಎರಡು ದಿನ ಮುಂಚೆ ತೆರೆದರೆ ಯಾರೂ ಬೈಯುವುದಿಲ್ಲ, ಎರಡು ದಿನ ತಡವಾದರೆ ಖಂಡಿತ ಬೈಯುತ್ತಾರೆ.

ಜೂನ್ 2ರಿಂದ 17ರವರೆಗೆ ಮುಚ್ಚುತ್ತೀರಿ ಅಂತ ಇಟ್ಟುಕೊಳ್ಳೋಣ. ಮೊದಲ ನೋಟಿಸ್ ಮೇ 12ರ ಹೊತ್ತಿಗೆ ಹೋಗಬೇಕು. ಮೂರು ವಾರ ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಕೂದಲಿಗೆ ಬಣ್ಣ ಹಚ್ಚಿಸುವವರಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬುಡದಲ್ಲಿ ಬಿಳಿ ಕಾಣಿಸುತ್ತದೆ. ಜೂನ್ ಮೊದಲ ವಾರ ಬರಬೇಕಾದವರನ್ನು ಮೇ ಕೊನೆಗೇ ಕರೆಯಬೇಕಲ್ವಾ? ಮೂರು ದಿನ ಮುಂಚೆ ಹೇಳಿದರೆ ಅವರು ಬೇರೆ ಪಾರ್ಲರ್ ಹುಡುಕಿಕೊಳ್ಳುತ್ತಾರೆ, ಅಲ್ಲೇ ಉಳಿದುಬಿಡುತ್ತಾರೆ. ಮುಚ್ಚುವ ದಿನಗಳಲ್ಲಿ ಈಗಾಗಲೇ ಬುಕಿಂಗ್ ಇರುವವರಿಗೆ ನೋಟಿಸ್ ಸಾಲದು. ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಬೇರೆ ದಿನ ಕೊಡಿ.

ಮುಂಗಡ ಕಟ್ಟಿದವರ ವಿಷಯದಲ್ಲಿ ಧಾರಾಳವಾಗಿರಿ. ಒಬ್ಬರ ಪ್ಯಾಕೇಜ್ ಜುಲೈ 10ಕ್ಕೆ ಮುಗಿಯುತ್ತದೆ ಅನ್ನಿ. ನೀವು ಮುಚ್ಚುವುದು 16 ದಿನ, ಲೆಕ್ಕದ ಪ್ರಕಾರ ಜುಲೈ 26ರವರೆಗೆ ಕೊಟ್ಟರೆ ಸಾಕು. ಆದರೆ ತೆರೆದ ಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಾರೆ, ಬೇಕಾದ ದಿನ ಸಿಗುವುದಿಲ್ಲ. ಆಗಸ್ಟ್ 10ರವರೆಗೆ, ಅಂದರೆ ಪೂರ್ತಿ ಒಂದು ತಿಂಗಳು ವಿಸ್ತರಿಸಿ. ಗಿಫ್ಟ್ ಕಾರ್ಡ್‌ಗೂ ಹಾಗೇ ಮಾಡಿ.

ಇನ್ನು ಆಫರ್. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಎಲ್ಲ ಸೇವೆಗೂ 20% ರಿಯಾಯಿತಿ ಅಂತ ಹಾಕಿದರೆ, ಮೊದಲೇ ದುಡ್ಡು ಕಟ್ಟಿದವರಿಗೆ ಏನೂ ಸಿಗುವುದಿಲ್ಲ. ನಿಮ್ಮನ್ನು ಹೆಚ್ಚು ನಂಬಿದವರಿಗೇ ನಷ್ಟ! ಅವರಿಗೆ ಒಂದು ಸಿಟ್ಟಿಂಗ್ ಜಾಸ್ತಿ ಕೊಡಿ. ರಿಯಾಯಿತಿಯನ್ನು ಸೋಮವಾರದಿಂದ ಗುರುವಾರಕ್ಕೆ ಇಡಿ, ವಾರದ ಕೊನೆ ಹೇಗೂ ತುಂಬಿರುತ್ತದೆ. ‘ಷರತ್ತು ಅನ್ವಯ’ ಅಂತ ಬರೆಯುವ ಬದಲು ಷರತ್ತನ್ನೇ ಬರೆಯಿರಿ.

ಇಷ್ಟಾದರೆ ನೋಟಿಸ್ ತಾನಾಗಿ ಮೂಡುತ್ತದೆ:

‘ಆತ್ಮೀಯರೇ, ನವೀಕರಣಕ್ಕಾಗಿ ನಮ್ಮ ಪಾರ್ಲರ್ ಜೂನ್ 2ರಿಂದ 17ರವರೆಗೆ ಮುಚ್ಚಿರುತ್ತದೆ. ಜೂನ್ 18ರ ಬೆಳಿಗ್ಗೆ 10ಕ್ಕೆ ಇದೇ ಜಾಗದಲ್ಲಿ ತೆರೆಯುತ್ತೇವೆ. ನಿಮಗೆ ಪರಿಚಯವಿರುವ ಸಿಬ್ಬಂದಿಯೇ ಇರುತ್ತಾರೆ, ದರ ಬದಲಾಗುವುದಿಲ್ಲ. ಎಲ್ಲ ಪ್ಯಾಕೇಜ್ ಮತ್ತು ಗಿಫ್ಟ್ ಕಾರ್ಡ್‌ಗಳ ಅವಧಿ ಒಂದು ತಿಂಗಳು ಮುಂದಕ್ಕೆ ಹೋಗಿದೆ, ನೀವೇನೂ ಮಾಡಬೇಕಿಲ್ಲ. ಪ್ಯಾಕೇಜ್ ಇರುವವರಿಗೆ ಒಂದು ಸಿಟ್ಟಿಂಗ್ ಉಚಿತ. ಉಳಿದವರಿಗೆ ಜುಲೈ 3ರವರೆಗೆ, ಸೋಮವಾರದಿಂದ ಗುರುವಾರ, ಎಲ್ಲ ಸೇವೆಗೂ 20% ರಿಯಾಯಿತಿ. ಮುಚ್ಚಿರುವಾಗಲೂ ಇದೇ ನಂಬರ್‌ನಲ್ಲಿ ಸಿಗುತ್ತೇವೆ.’

ಸಿಬ್ಬಂದಿ, ದರದ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ದರ ಏರಿಸುವುದಿದ್ದರೆ ಎಷ್ಟು, ಯಾವಾಗಿಂದ ಅಂತ ಇಲ್ಲೇ ಹೇಳಿಬಿಡಿ. ಬಿಲ್ ಕೊಡುವಾಗ ಗೊತ್ತಾಗುವುದು ತುಂಬಾ ಕೆಟ್ಟದ್ದು.

ಇದನ್ನು ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ, ಕೆಳಗೆ ನಿಮ್ಮ ಫೋನ್ ನಂಬರ್ ಬರೆದು ಅಂಟಿಸಿ, ಗ್ರಾಹಕರ ಫೋನ್‌ಗೂ ಕಳಿಸಿ. ಮುಚ್ಚುವ ಎರಡು ದಿನ ಮುಂಚೆ ಮತ್ತೊಮ್ಮೆ ಕಳಿಸಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಪಾರ್ಲರ್ ಇದ್ದರೆ Temporarily closed ಆಯ್ಕೆ ಮಾಡಿ. Permanently closed ಒತ್ತಿದರೆ ಕೆಲಸ ಕೆಟ್ಟಿತು, ನೋಡಿ ಒತ್ತಿ. ತೆರೆದ ದಿನ ಅದನ್ನು ತೆಗೆಯುವುದನ್ನು ಮರೆಯಬೇಡಿ.

ಇಷ್ಟಾದರೂ ಕೆಲಸ ತಡವಾಗಬಹುದು. ಜೂನ್ 14ಕ್ಕೆ ಒಳಗೆ ನಿಂತು ನೋಡಿ. ಬೇಸಿನ್, ಲೈಟು, ಬಿಸಿನೀರು ಎಲ್ಲ ನಡೆಯುತ್ತಿದೆಯಾ? ಅನುಮಾನ ಇದ್ದರೆ ಅವತ್ತೇ ಹೊಸ ತಾರೀಖು ಕಳಿಸಿ, 18, 19ಕ್ಕೆ ಬುಕ್ ಆದವರಿಗೆ ನೀವೇ ಫೋನ್ ಮಾಡಿ. ತಡವಾದಷ್ಟು ದಿನ ಆಫರ್ ಕೂಡ ಮುಂದಕ್ಕೆ ಹೋಗುತ್ತದೆ ಅಂತ ಅದೇ ಫೋನ್‌ನಲ್ಲಿ ಹೇಳಿ.