ಪಿಕಪ್ಪಿನ ಆವರೇಜ್ ಲೆಕ್ಕ: ಒಂಬತ್ತು ಲೀಟರ್ ಎಲ್ಲಿ ಹೋಗುತ್ತಿತ್ತು

ನನ್ನದು ಹಳೇ ಪಿಕಪ್. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ತೊಗರಿ ಬೇಳೆ ಹೊಡೆಯುತ್ತೇನೆ. ಬರುವಾಗ ಬಹುತೇಕ ಖಾಲಿ. ಲಾಗಬುಕ್ ಬರೆಯುವುದು ನೋಡಿ ಸ್ಟ್ಯಾಂಡಿನವರು ನಗುತ್ತಿದ್ದರು. "ಬರಕೋತ ಕುಂತ್ರ ಡೀಸೆಲ್ ಉಳೀತದೇನು ಅಣ್ಣಾ?" ಅಂತ.

ತಮಾಷೆ ಅಂದರೆ ಬರೆದರೂ ಲೆಕ್ಕ ಕೂಡುತ್ತಿರಲಿಲ್ಲ. ಹೋಗುವಾಗ ಲೋಡಿನಲ್ಲಿ ಲೀಟರಿಗೆ 11 ಕಿ.ಮೀ., ಬರುವಾಗ 18, ಕೂಡಿಸಿ ಎರಡರಿಂದ ಭಾಗಿಸಿದರೆ 14.5. ಅದೇ ಹಿಡಿದು ಬೇಳೆ ಮಿಲ್ಲಿಗೆ ಬಾಡಿಗೆ ಹೇಳಿದೆ. ತಿಂಗಳ ಕೊನೆಗೆ ಬಿಲ್ ಕೂಡಿಸಿದರೆ ಒಂಬತ್ತು ಲೀಟರ್ ಜಾಸ್ತಿ! ಪಂಪಿನವರು ಕಡಿಮೆ ಹಾಕ್ತಾರೆ ಅಂತ ಪಂಪ್ ಬದಲಿಸಿದೆ. ಆಮೇಲೆ ಇಂಜೆಕ್ಟರ್ ಸ್ವಚ್ಛ ಮಾಡಿಸಲು ಸುಮಾರು ಮೂರು ಸಾವಿರ ಸುರಿದೆ. ಆ ಒಂಬತ್ತು ಲೀಟರ್ ಮಾತ್ರ ಹಾಗೇ ಉಳಿಯಿತು.

ಒಂದು ರಾತ್ರಿ ಸುಮ್ನೆ ಒಂದೇ ಟ್ರಿಪ್ ಬಿಡಿಸಿ ನೋಡಿದೆ. ದಾರಿ 110 ಕಿ.ಮೀ. ಹೋಗುವಾಗ 11ರಂತೆ 10 ಲೀಟರ್, ಬರುವಾಗ 18ರಂತೆ ಆರು ಲೀಟರ್ ಚಿಲ್ಲರೆ. ಒಟ್ಟು 220 ಕಿ.ಮೀ., ಡೀಸೆಲ್ 16.1 ಲೀಟರ್. ಭಾಗಿಸಿದರೆ 13.7 ಬಂತು, 14.5 ಅಲ್ಲ. ಕಾರಣ ಇಷ್ಟೇ: ಲೋಡಿನ ಹಾದಿ ಜಾಸ್ತಿ ಡೀಸೆಲ್ ಕುಡಿಯುತ್ತದೆ, ನಾನು ಅದನ್ನೂ ಖಾಲಿ ಹಾದಿಯನ್ನೂ ಸರಿಸಮ ಮಾಡಿ ಕೂತಿದ್ದೆ. ತಿಂಗಳಿಗೆ ಹತ್ತು ಟ್ರಿಪ್, ಡೀಸೆಲ್ 90 ರೂಪಾಯಿ ಹಿಡಿದರೆ ಎಂಟುನೂರು ಚಿಲ್ಲರೆ, ವರ್ಷಕ್ಕೆ ಹತ್ತು ಸಾವಿರ ನನ್ನ ಜೇಬಿನಿಂದ.

ಈಗ ಟ್ರಿಪ್‌ವಾರು ಆವರೇಜ್ ಬರೆಯುವುದೇ ಇಲ್ಲ. ಒಮ್ಮೆ ಫುಲ್ ಟ್ಯಾಂಕ್ ಮಾಡಿ ಮೀಟರ್ ಬರೆದುಕೊಳ್ಳುತ್ತೇನೆ, ಆ ಫುಲ್ಲಿನ ಲೀಟರ್ ಲೆಕ್ಕಕ್ಕಿಲ್ಲ, ಅದು ಹಿಂದೆ ಓಡಿದ್ದಕ್ಕೆ ಸೇರಿದ್ದು (ಇಲ್ಲೇ ನಾನು ಎರಡು ತಿಂಗಳು ಎಡವಿದ್ದೆ). ನಡುವೆ ಐನೂರರದ್ದು ಹಾಕಿಸಿದರೂ ಪರವಾಗಿಲ್ಲ, ಲೀಟರ್ ಬರೆದರೆ ಸಾಕು. ಕೊನೆಗೆ ಮತ್ತೆ ಫುಲ್ ಮಾಡಿ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸುವುದು. ನಾಜಲ್ ಒಮ್ಮೊಮ್ಮೆ ಬೇಗ ಕಟ್ಟಾಗಿ ಅರ್ಧ ಲೀಟರ್ ಹೆಚ್ಚುಕಡಿಮೆ ಆಗುತ್ತದೆ. ಆರು ಲೀಟರಿನಲ್ಲಿ ಅರ್ಧ ಅಂದರೆ 18 ಹೋಗಿ 20 ಕಾಣಬಹುದು, ತಿಂಗಳ ನೂರಾ ಅರವತ್ತರಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಟ್ಯಾಂಕ್ ನಿಜವಾಗಿ ತುಂಬಿತೋ ಇಲ್ಲವೋ ತಿಳಿಯಲು ನನ್ನದೊಂದು ಗುರುತಿದೆ, ಅದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಆಟ ಆಡಿದೆ. ಡೀಸೆಲ್ ಕಡಿಮೆ ಆಯ್ತು ಅನ್ನುವ ದೀಪ ಹೊತ್ತಿದಾಗಲೆಲ್ಲ ಸರಿಯಾಗಿ ಹತ್ತು ಲೀಟರ್ ಹಾಕಿಸಿದೆ. ಹೀಗೆ ಪ್ರತಿ ಸಲ ಲೀಟರ್ ಒಂದೇ ಇದ್ದರೆ ಕೂಡಿಸಿ ಭಾಗಿಸಿದರೂ ಸರಿ ಉತ್ತರವೇ ಬರಬೇಕು, ಬಂದದ್ದೂ ಅದೇ. ಆದರೆ ದೀಪ ಏರಿನಲ್ಲಿ ಬೇಗ ಹೊತ್ತುತ್ತದೆ, ಇಳಿಜಾರಿನಲ್ಲಿ ತಡ, ಹಾಗಾಗಿ ಬಿಡಿ ಅಂಕಿ ನಂಬುವಂತಿರಲಿಲ್ಲ. ಬಿಟ್ಟೆ.

ಹೋದ ತಿಂಗಳು ಶುರುವಿನಲ್ಲೇ ಸ್ಟ್ಯಾಂಡಿನವರೆದುರು 161 ಲೀಟರ್ ಅಂತ ಬರೆದಿಟ್ಟೆ. ಬಿಲ್ ಬಂದದ್ದು ನೂರಾ ಅರವತ್ತರ ಆಸುಪಾಸು. ನಕ್ಕಿದ್ದವನೇ ಈಗ ತನ್ನ ಡೈರಿ ಹಿಡಿದು ನನ್ನ ಪಕ್ಕ ಕೂರುತ್ತಾನೆ.