ಬಚತ್ ಗಟ್ ಖಾತೆಯೊಳಗ ಹೋಲ್ಡ್ ಆಗಿದ್ದ ದುಡ್ಡು ಬಿಡಿಸಿದ್ದು

ಪುಣೆ ಹತ್ರ ಮುಳಶಿ ಕಡೆ ಹಳ್ಳ್ಯಾಗ ನಮ್ದೊಂದು ಬಚತ್ ಗಟ್ ಅಂದ್ರ ಸ್ವಸಹಾಯ ಸಂಘ ಐತಿ, ಹೆಚ್ಚಿನವರು ವಿಜಾಪುರ ಕಡೆಯವರೇ. ಖಾತೆ ಗಟ್ ಹೆಸರಲ್ಲೇ ಇರೋದು, ಅಧ್ಯಕ್ಷೆ, ಸೆಕ್ರೆಟರಿ, ಖಜಾಂಚಿ ಮೂರು ಮಂದಿಯೊಳಗ ಇಬ್ಬರ ಸಹಿ ಇದ್ರ ದುಡ್ಡು ಬರ್ತದ.

ಒಂದೂವರೆ ಲಕ್ಷ ಗ್ರೂಪ್ ಲೋನ್ ಸಿಕ್ತು. ಆಮೇಲೆ ಒಬ್ಬಾಕಿ ಮಗಳ ಫೀಸಿಗೆ ಒಳಸಾಲ ಕೊಡೋಣಂತ ವಿಡ್ರಾವಲ್ ಸ್ಲಿಪ್ ಕೊಟ್ರ ವಾಪಸ್. ಪಾಸ್‌ಬುಕ್‌ದಾಗ 42,600 ಐತಿ, ಕೌಂಟರ್‌ನ್ಯಾಗ ತೆಗೆಯೋಕೆ ಬರೋದು ಬರೇ 2,600 ಅಂದ್ರು. ಈ ಎರಡು ಅಂಕಿ ಬ್ಯಾರೆ ಬ್ಯಾರೆ ಬಂದ್ರ ಹೋಲ್ಡ್ ಹಾಕಿರಬೌದು, ಕೇಳಿ ತಿಳ್ಕೋರಿ. ಲೋನಿಗೆ ಸೆಕ್ಯುರಿಟಿ ಅಂತ 40,000 ಹಿಡಿದಿದ್ರು!

ಆದ್ರ ಆರ್‌ಬಿಐ ನಿಯಮ ಏನಂದ್ರ, ಹತ್ತು ಲಕ್ಷದ ತನಕ ಗಟ್ ಲೋನಿಗೆ ಅಡವು ಕೇಳಂಗಿಲ್ಲ, ಉಳಿತಾಯ ಖಾತೆ ಮ್ಯಾಲೆ ಹೋಲ್ಡ್ ಹಾಕಂಗಿಲ್ಲ, ಡೆಪಾಸಿಟ್ ಇಡ್ರಿ ಅಂತ ಒತ್ತಾಯನೂ ಇಲ್ಲ. ಬಾಯಿಮಾತಿಗೆ ಮ್ಯಾನೇಜರ್ ಸಾಹೇಬರು ತಲಿ ಅಲ್ಲಾಡಿಸಿ ಸುಮ್ನಾದ್ರು, ಹಂಗಾಗಿ ಮೀಟಿಂಗ್‌ದಾಗ ಠರಾವು ಬರೆದು ಎಲ್ಲರೂ ಸಹಿ ಮಾಡಿ, ಠರಾವಿನ ಝೆರಾಕ್ಸ್, ಕಂತು ಬಾಕಿ ಇಲ್ಲಂತ ತೋರ್ಸೋ ಲೋನ್ ಸ್ಟೇಟ್‌ಮೆಂಟ್ ಇಟ್ಟು ಮರಾಠಿಯೊಳಗ ಅರ್ಜಿ ಕೊಟ್ಟೆವು. 'ಯಾವ ನಿಯಮದ ಮ್ಯಾಲೆ ಹಿಡಿದೀರಿ, ಬರವಣಿಗೆಯಾಗ ಕೊಡ್ರಿ' ಅನ್ನೋ ಒಂದು ಸಾಲು ಬೇಕೇ ಬೇಕು, ಅದಕ್ಕೇ ಅವ್ರು ಹೆದರೋದು ನನ್ನ ಪ್ರಕಾರ. ನಕಲು ಮ್ಯಾಲೆ ಶಿಕ್ಕಾ, ತಾರೀಖು ಹಾಕಿಸ್ಕೊಳ್ರಿ, 30 ದಿನ ಉತ್ತರ ಬರ್ಲಿಲ್ಲಂದ್ರ ಬ್ಯಾಂಕ್ ಮ್ಯಾಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಾಕ ಅದೇ ಪುರಾವೆ. ನಮಗ ಅಲ್ಲಿತನ ಹೋಗೋದು ಬರ್ಲಿಲ್ಲ, ಹೋಲ್ಡ್ ತೆಗೆದ್ರು, ಫೀಸಿನ ದುಡ್ಡೂ ಕೊಟ್ಟಾತು.