ತಪ್ಪಿಸಿಕೊಂಡ ಬೆಕ್ಕನ್ನು ಹುಡುಕುವುದು ಹೇಗೆ? ಮೊದಲ ಎರಡು ರಾತ್ರಿಗಳ ಲೆಕ್ಕ

ಮನೆಯೊಳಗೇ ಬೆಳೆದ ಬೆಕ್ಕು ಬಾಗಿಲು ತೆರೆದ ಗಳಿಗೆಯಲ್ಲಿ ಹೊರಗೆ ನುಸುಳಿತೆಂದರೆ, ಅದರ ಹೆಸರು ಕೂಗುತ್ತ ಓಣಿಯ ತುದಿಯವರೆಗೆ ಓಡಿಬಿಡುತ್ತೇವೆ. ಬೆಕ್ಕು ಆ ಹೊತ್ತಿಗೆ ಸಾಮಾನ್ಯವಾಗಿ ಬಾಗಿಲಿನಿಂದ ಕೆಲವೇ ಮಾರು ದೂರದಲ್ಲಿ, ಮೊದಲು ಕಂಡ ಸಂದಿಯೊಳಗೆ ಮುದುಡಿ ಕುಳಿತಿರುತ್ತದೆ. ನಮ್ಮ ದನಿ ಕೇಳಿದರೂ ಅದು ಓಗೊಡುವುದಿಲ್ಲ. ಅಪರಿಚಿತ ಜಾಗದಲ್ಲಿ ಹೆದರಿದ ಬೆಕ್ಕಿಗೆ ಸದ್ದು ಮಾಡದಿರುವುದೇ ರಕ್ಷಣೆ. ನಾವು ಅದನ್ನು ಬೆಕ್ಕಿನ ಮುನಿಸೆಂದೋ ದೂರ ಹೋದ ಗುರುತೆಂದೋ ತಪ್ಪು ತಿಳಿಯುತ್ತೇವೆ.

ತಪ್ಪಿಸಿಕೊಂಡ 1,210 ಬೆಕ್ಕುಗಳ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಶೇ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಸಿಕ್ಕಿದ್ದವು. ಅದರಲ್ಲಿ ಹೊರಗೆ ಓಡಾಡುವ ಬೆಕ್ಕುಗಳೂ ಸೇರಿವೆ. ಹೊಸ್ತಿಲು ದಾಟಿ ಗೊತ್ತಿಲ್ಲದ ಬೆಕ್ಕು ಇನ್ನೂ ಹತ್ತಿರದಲ್ಲಿರುತ್ತದೆ. ಈ ಲೇಖನ ಅಂಥ ಬೆಕ್ಕನ್ನು ಕುರಿತದ್ದು. ದಿನವೂ ಹೊರಗೆ ಹೋಗಿ ಬರುವ ಬೆಕ್ಕು ಬಾರದಿದ್ದರೆ ಅದನ್ನು ಏನೋ ತಡೆದಿದೆ ಎಂದು ಅರ್ಥ. ಆಗ ಮೊದಲು ನೋಡಬೇಕಾದದ್ದು ನೆರೆಯವರ ಬೀಗ ಹಾಕಿದ ಕೋಣೆ, ಗೋದಾಮು ಮತ್ತು ಗ್ಯಾರೇಜು. ಸಂತಾನಹರಣ ಚಿಕಿತ್ಸೆ ಆಗದ ಗಂಡು ಬೆಕ್ಕು ಹೆಣ್ಣಿನ ಜಾಡು ಹಿಡಿದು ದೂರ ಹೋಗಬಲ್ಲದು, ಅದರ ಲೆಕ್ಕ ಬೇರೆ.

ನಮ್ಮ ಬೆಳ್ಳಿ ತಪ್ಪಿಸಿಕೊಂಡದ್ದು ಧಾರವಾಡದ ಮಾಳಮಡ್ಡಿಯ ಬಾಡಿಗೆ ಮನೆಯಿಂದ, ಜುಲೈ ತಿಂಗಳ ಜಿಟಿಜಿಟಿ ಮಳೆಯ ಒಂದು ಸಂಜೆ. ಗ್ಯಾಸ್ ಸಿಲಿಂಡರ್ ಒಳಗೆ ತರಲೆಂದು ಹಿತ್ತಲ ಬಾಗಿಲು ತೆರೆದಿತ್ತು, ಸಿಲಿಂಡರ್ ನೆಲಕ್ಕೆ ಕುಕ್ಕಿದ ಸದ್ದಿಗೆ ಬೆಕ್ಕು ಬೆದರಿತು. ಆಗ ಗಂಟೆ 6.40. ಮುಂದಿನ ಮೂವತ್ತಮೂರೂವರೆ ಗಂಟೆಗಳಲ್ಲಿ ನಾವು ಸರಿಯಾಗಿ ಮಾಡಿದ್ದಕ್ಕಿಂತ ತಪ್ಪು ಮಾಡಿದ್ದೇ ಹೆಚ್ಚು.

ಮೊದಲ ಹದಿನೈದು ನಿಮಿಷ

ಮೊದಲು ಮನೆಯೊಳಗೇ ಹುಡುಕಿರಿ. ಹೊರಗೆ ಹೋಗಿದೆ ಎಂದುಕೊಂಡ ಬೆಕ್ಕು ಅಟ್ಟದ ಮೇಲೆ, ಕಪಾಟಿನ ಬಟ್ಟೆಗಳ ಹಿಂದೆ, ಪೆಟ್ಟಿಗೆ ಮಂಚದ ಒಳಗೆ ಅಥವಾ ಫ್ರಿಜ್ಜಿನ ಹಿಂದೆ ಸಿಗುವುದು ಅಪರೂಪವಲ್ಲ. ಒಬ್ಬರು ಒಳಗೆ ನೋಡುತ್ತಿರುವಾಗ ಇನ್ನೊಬ್ಬರು ಅದು ಯಾವ ಬಾಗಿಲು ಅಥವಾ ಕಿಟಕಿಯಿಂದ ಹೋಯಿತೆಂಬುದನ್ನು ಖಚಿತ ಮಾಡಿಕೊಂಡು, ಅದೇ ಬಾಗಿಲನ್ನು ಒಂದು ಗೇಣು ತೆರೆದಿಡಬೇಕು. ಮನೆಯಲ್ಲಿ ನಾಯಿಯೋ ಬೇರೆ ಬೆಕ್ಕೋ ಇದ್ದರೆ ಅವನ್ನು ಒಂದು ಕೋಣೆಯಲ್ಲಿ ಕೂಡಿ ಹಾಕಿ. ಟಿವಿ ಆರಿಸಿ, ಮಕ್ಕಳನ್ನು ಒಳಗೆ ಕರೆಯಿರಿ.

ಮೊದಲ ಎರಡು ಗಂಟೆ

ಹೊರಬಂದ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಬೆಕ್ಕಿನ ಕಣ್ಣಿನ ಎತ್ತರದಿಂದ ಸುತ್ತ ನೋಡಿರಿ. ಬೆದರಿದ ಬೆಕ್ಕು ಬಯಲನ್ನು ದಾಟದೆ ಗೋಡೆಯ ಬುಡ ಹಿಡಿದು ಸರಿದು, ಮೈ ಮರೆಯಾಗುವ ಮೊದಲ ತಾಣಕ್ಕೆ ನುಗ್ಗುತ್ತದೆ. ನಿಂತು ನೋಡುವವರಿಗೆ ಬರಿಯ ಅಂಗಳವಾಗಿ ಕಾಣುವಲ್ಲಿ, ಕುಳಿತು ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಅಡಿ, ನೀರು ತುಂಬಿಟ್ಟ ಬ್ಯಾರಲ್ಲುಗಳ ಹಿಂದಿನ ಸಂದು, ತಗಡು ಹೊದಿಸಿದ ಕಟ್ಟಿಗೆ ಒಟ್ಟಿಲು ಕಾಣಸಿಗುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ದಿನಗಟ್ಟಲೆಯ ನೀರನ್ನು ಹಿಡಿದಿಡುವ ರೂಢಿಯಿಂದಾಗಿ ಪ್ರತಿ ಹಿತ್ತಲಲ್ಲೂ ಬ್ಯಾರಲ್ಲು ಮತ್ತು ಟಾಕಿಗಳ ಸಾಲಿರುತ್ತದೆ, ಆ ಸಾಲು ಮತ್ತು ಗೋಡೆಯ ನಡುವೆ ಉಳಿಯುವ ನಾಲ್ಕು ಬೆರಳಿನ ಜಾಗ ಬೆಕ್ಕಿಗೆ ಸಾಕು. ಮಳೆಗಾಲದಲ್ಲಿ ಇನ್ನೊಂದು ಅನುಕೂಲವುಂಟು: ಒಣಗಿರುವ ಜಾಗಗಳು ಕಡಿಮೆಯಾದ್ದರಿಂದ ನೋಡಬೇಕಾದ ಜಾಗಗಳೂ ಕಡಿಮೆ.

ಹಗಲಾಗಿದ್ದರೂ ಬ್ಯಾಟರಿ ಬೇಕು. ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಉಪಯೋಗವಿಲ್ಲ. ಬೆಕ್ಕಿನ ಕಣ್ಣಿನ ಹಿಂಭಾಗದ ಕನ್ನಡಿಯಂಥ ಪದರವು ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವುದರಿಂದ, ಬ್ಯಾಟರಿಯನ್ನು ನಮ್ಮ ಕಣ್ಣಿನ ಪಕ್ಕದಲ್ಲೇ, ಕಪಾಲಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ಆಡಿಸಿದಾಗ ಮಾತ್ರ ಆ ಹಸಿರು-ಹಳದಿ ಹೊಳಪು ನಮಗೆ ಕಾಣುತ್ತದೆ. ನನಗೆ ಇದು ಮೊದಲ ಸಂಜೆ ತಿಳಿದಿರಲಿಲ್ಲ. ನಮ್ಮ ಮನೆಯಿಂದ ಎರಡು ಗೋಡೆ ಆಚೆ, ಬಳಸದೆ ಬಿಟ್ಟ ಬಚ್ಚಲಿನ ಹಂಡೆ ಒಲೆಯ ಮುಂದೆ ನಾನು ರಾತ್ರಿ ಎಂಟರ ಹೊತ್ತಿಗೆ ಹಾದುಹೋಗಿದ್ದೆ, ಒಲೆಯ ಬಾಯಿಗೆ ಬೆಳಕನ್ನೂ ಬಿಟ್ಟಿದ್ದೆ. ಆದರೆ ಬ್ಯಾಟರಿ ಮೊಣಕಾಲಿನ ಹತ್ತಿರವಿತ್ತು, ಬೂದಿಯ ಬಣ್ಣದ ಬೆಕ್ಕು ಬೂದಿಯ ಹಿಂದೆ ಕುಳಿತಿತ್ತು. ಏನೂ ಕಾಣದೆ ಮುಂದೆ ಸಾಗಿದೆ.

ನೆರೆಯವರಲ್ಲಿ “ನಮ್ಮ ಬೆಕ್ಕ ನೋಡೀರೇನ್ರಿ?” ಎಂದು ಕೇಳಿದರೆ “ಇಲ್ಲರಿ” ಎಂಬ ಉತ್ತರವೇ ಸಿಗುತ್ತದೆ, ಅದು ಸತ್ಯವೂ ಹೌದು, ಏಕೆಂದರೆ ಅಡಗಿದ ಬೆಕ್ಕನ್ನು ಯಾರೂ ನೋಡಿರುವುದಿಲ್ಲ. ಕೇಳಬೇಕಾದ ರೀತಿ ಬೇರೆ: “ಅಕ್ಕಾರ, ನಿಮ್ಮ ಹಿತ್ತಲದಾಗ ಒಂದ್ ಹತ್ತ ನಿಮಿಷ ನಾನ ನೋಡ್ಲೇನ್ರಿ?” ನಿಮ್ಮ ಎಡಬಲಕ್ಕೆ ಮೂರು ಮೂರು ಮನೆ, ಹಿಂದಿನ ಸಾಲಿನಲ್ಲಿ ಮೂರು ಮತ್ತು ಎದುರಿಗೆ ಮೂರು, ಇಷ್ಟನ್ನು ನೀವೇ ಮಂಡಿಯೂರಿ ನೋಡಬೇಕು. ಒಬ್ಬರು ಅಥವಾ ಇಬ್ಬರು ಹೋದರೆ ಸಾಕು. ಓಣಿಯ ಹುಡುಗರೆಲ್ಲ ಸೇರಿ ಕಟ್ಟಿಗೆ ಒಟ್ಟಿಲಿಗೆ ಕೋಲು ತುರುಕಿದರೆ, ಹತ್ತಿರದಲ್ಲಿದ್ದ ಬೆಕ್ಕು ನಿಜವಾಗಿಯೂ ದೂರ ಹೋಗುತ್ತದೆ.

ರಾತ್ರಿ ಒಂಬತ್ತರಿಂದ ಹನ್ನೊಂದು

ಇದು ಹುಡುಕಲು ಒಳ್ಳೆಯ ಹೊತ್ತಲ್ಲ. ವಾಹನಗಳು ಮನೆ ಸೇರುತ್ತಿರುತ್ತವೆ, ಬೀದಿ ನಾಯಿಗಳು ಚುರುಕಾಗಿರುತ್ತವೆ. ಈ ವೇಳೆಯಲ್ಲಿ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸ್ಪಷ್ಟ ಚಿತ್ರ, ತಪ್ಪಿಸಿಕೊಂಡ ಜಾಗ ಮತ್ತು ನಿಮ್ಮ ನಂಬರನ್ನು ಕಳುಹಿಸಿ, “ಕಂಡರೆ ಹಿಡಿಯಬೇಡಿ, ಬೆನ್ನಟ್ಟಬೇಡಿ, ಫೋನ್ ಮಾಡಿ” ಎಂದು ಸೇರಿಸಿರಿ. ಒಂದು ಗುರುತನ್ನು ಮಾತ್ರ ಬರೆಯದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಬೆಕ್ಕು ತಮ್ಮಲ್ಲಿದೆ, ಮೊದಲು ಹಣ ಹಾಕಿ ಎನ್ನುವವರನ್ನು ಪರೀಕ್ಷಿಸಲು ಅದು ಬೇಕಾಗುತ್ತದೆ.

ರಾತ್ರಿ ಹನ್ನೊಂದರಿಂದ ಬೆಳಗಿನ ಐದು

ಹುಡುಕಾಟದ ಮುಖ್ಯ ಪಾಳಿ ಇದೇ. ಓಣಿ ನಿಶ್ಶಬ್ದವಾದ ಮೇಲೆಯೇ ಅಡಗಿದ ಬೆಕ್ಕು ತಲೆ ಹೊರಹಾಕುತ್ತದೆ. ತೆರೆದಿಟ್ಟ ಬಾಗಿಲ ಹತ್ತಿರ ಅದು ದಿನವೂ ಮಲಗುವ ಬಟ್ಟೆಯನ್ನೂ, ದಿನವೂ ತಿನ್ನುವ ಆಹಾರವನ್ನೂ ಇಡಬೇಕು. ಆಹಾರವು ಒಂದೆರಡು ಚಮಚೆಯಷ್ಟೇ ಇರಲಿ, ಬಿಸಿನೀರು ತಾಗಿಸಿ ಬೆಚ್ಚಗೆ ಮಾಡಿದರೆ ವಾಸನೆ ಹರಡುತ್ತದೆ. ಹೇಲು-ಉಚ್ಚೆಯ ಮಣ್ಣಿನ ಟ್ರೇಯನ್ನು ಹೊರಗಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ, ಆ ವಾಸನೆ ಓಣಿಯ ಗಡವ ಬೆಕ್ಕುಗಳನ್ನೂ ಕರೆತರಬಹುದು, ಅವುಗಳಿದ್ದ ಕಡೆ ನಮ್ಮದು ಬರುವುದಿಲ್ಲ.

ಮೊದಲ ರಾತ್ರಿ ನಾನು ಬಟ್ಟಲಿಟ್ಟು, ಸೂರಿನ ಕೆಳಗೆ ಮಳೆ ತಾಗದಲ್ಲಿ ಗೋಧಿ ಹಿಟ್ಟನ್ನು ತೆಳ್ಳಗೆ ಉದುರಿಸಿ ಮಲಗಿಬಿಟ್ಟೆ. ಬೆಳಿಗ್ಗೆ ಬಟ್ಟಲು ಖಾಲಿ, ಹಿಟ್ಟಿನ ಮೇಲೆ ಹೆಜ್ಜೆ. ನಾಲ್ಕು ದುಂಡು ಬೆರಳು, ಉಗುರಿನ ಗುರುತಿಲ್ಲ. ನಾಯಿಯದಾಗಿದ್ದರೆ ಬೆರಳಿನ ತುದಿಗೆ ಉಗುರಿನ ಚುಕ್ಕೆ ಮೂಡಿರುತ್ತಿತ್ತು. ಬೆಳ್ಳಿಯೇ ಬಂದು ತಿಂದು ಹೋಗಿದ್ದಾಳೆಂದು ಹಿಗ್ಗಿ ಆ ದಿನವೆಲ್ಲ ಹುಡುಕುವುದನ್ನೇ ನಿಲ್ಲಿಸಿದೆವು. ಹಿಟ್ಟು ಬೆಕ್ಕನ್ನು ನಾಯಿಯಿಂದ ಬೇರ್ಪಡಿಸುತ್ತದೆಯೇ ಹೊರತು, ಒಂದು ಬೆಕ್ಕನ್ನು ಇನ್ನೊಂದರಿಂದ ಬೇರ್ಪಡಿಸುವುದಿಲ್ಲ. ಎರಡನೆಯ ರಾತ್ರಿ ದೀಪ ಆರಿಸಿ ಅಡುಗೆಮನೆಯ ಕಿಟಕಿಯಲ್ಲಿ ಕುಳಿತಾಗ, ಒಂದೂವರೆಗೆ ಗೋಡೆಯಿಂದ ಇಳಿದು ಬಂದದ್ದು ಓಣಿಯ ಕೆಂಚು ಗಡವ. ಬಟ್ಟಲನ್ನು ನೆಕ್ಕಿ ಮುಗಿಸಿ, ಬಾಗಿಲ ಚೌಕಟ್ಟಿಗೆ ಉಚ್ಚೆ ಸಿಡಿಸಿ ಹೋಯಿತು. ಖಾಲಿಯಾದ ಬಟ್ಟಲು ಯಾವುದಕ್ಕೂ ಸಾಕ್ಷಿಯಲ್ಲ. ಕಣ್ಣಾರೆ ನೋಡಬೇಕು, ಇಲ್ಲವೇ ಹಳೆಯ ಮೊಬೈಲನ್ನು ಕಿಟಕಿಗೆ ಒರಗಿಸಿ ಬಟ್ಟಲಿನ ಮೇಲೆ ಮಂದ ಬೆಳಕು ಬಿಟ್ಟು ವಿಡಿಯೊ ಓಡಿಸಬೇಕು.

ಗಡವ ಹೋದ ಮೇಲೆ ಒಂದು ಗಂಟೆ ಬಿಟ್ಟು ಮೊದಲ ಸಂಜೆಯ ದಾರಿಯನ್ನೇ ಇನ್ನೊಮ್ಮೆ ನಡೆದೆ, ಈ ಸಲ ಬ್ಯಾಟರಿಯನ್ನು ಕಪಾಲಕ್ಕೆ ಹಿಡಿದು. ಹತ್ತು ಹೆಜ್ಜೆಗೊಮ್ಮೆ ನಿಂತು, ಊಟಕ್ಕೆ ಕರೆಯುವ ಸಣ್ಣ ದನಿಯಲ್ಲಿ ಹೆಸರು ಹೇಳಿ, ಎರಡು ನಿಮಿಷ ಸುಮ್ಮನೆ ಆಲಿಸುವುದು. ಈ ಆಲಿಸುವಿಕೆಯನ್ನು ಬಿಟ್ಟು ಬರಿದೆ ಕರೆಯುತ್ತ ಹೋದರೆ ಕ್ಷೀಣವಾದ ಮಿಯಾಂವ್ ನಮ್ಮದೇ ದನಿಯಲ್ಲಿ ಮುಳುಗಿಹೋಗುತ್ತದೆ. 3.10ಕ್ಕೆ ಹಂಡೆ ಒಲೆಯೊಳಗೆ ಎರಡು ಹಸಿರು ಚುಕ್ಕೆ ಹೊಳೆದವು. ನಮ್ಮ ಹಿತ್ತಲ ಬಾಗಿಲಿನಿಂದ ಅಲ್ಲಿಗೆ ಇಪ್ಪತ್ತೈದು ಮೀಟರೂ ಇರಲಿಲ್ಲ.

ಕಂಡ ಮೇಲೆ

ಕೈ ಚಾಚಿ ಎಳೆಯಬೇಡಿ. ನಿಮ್ಮದೇ ಬೆಕ್ಕಾದರೂ ಆ ಹೊತ್ತಿನಲ್ಲಿ ಕಚ್ಚಬಹುದು, ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಯ ಬಗ್ಗೆ ಅದೇ ದಿನ ವೈದ್ಯರನ್ನು ಕಾಣಬೇಕು. ಬೆಳಕನ್ನು ಬದಿಗೆ ತಿರುಗಿಸಿ, ನೆಲದ ಮೇಲೆ ಪಕ್ಕವಾಗಿ ಕುಳಿತು, ದಿಟ್ಟಿಸಿ ನೋಡದೆ ಮಾತನಾಡುತ್ತಿರಿ. ಆಹಾರವನ್ನು ಅದರ ಮೂತಿಯಿಂದ ಒಂದು ಮೊಳ ದೂರ ಇಡಿ, ತಿಂದರೆ ಮುಂದಿನ ತುತ್ತನ್ನು ನಿಮ್ಮ ಕಡೆಗೆ ಇಡಿ. ಬೆಳ್ಳಿ ಒಲೆಯಿಂದ ಹೊರಬರಲು ಐವತ್ತು ನಿಮಿಷ ತೆಗೆದುಕೊಂಡಳು. ತೊಡೆಗೆ ಮೈ ಉಜ್ಜಿದ ಮೇಲೆ ದಪ್ಪ ಟವೆಲಿನಲ್ಲಿ ತಲೆಯೂ ಸೇರಿ ಸುತ್ತಿ, ಎದೆಗೆ ಒತ್ತಿ ಹಿಡಿದು ತಂದೆ. 4.15ಕ್ಕೆ ಬಾಗಿಲು ಹಾಕಿದೆವು. ಬರಿಗೈಯಲ್ಲಿ ಎತ್ತಿಕೊಂಡು ಬರುವಾಗ ಒಂದು ನಾಯಿ ಬೊಗಳಿದರೆ ಸಾಕು, ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಎರಡು ರಾತ್ರಿಗೂ ಸಿಗದಿದ್ದರೆ

ಅವೇ ಮನೆಗಳಿಗೆ ಮತ್ತೆ ಹೋಗಿ, ಈ ಸಲ ಬೀಗ ಹಾಕಿದ ಕೋಣೆಗಳನ್ನು ತೆರೆಸಿ ನೋಡಿ. ಬೆಳಿಗ್ಗೆ ಹೊರಡುವ ಕಾರುಗಳ ಬಾನೆಟ್ಟನ್ನು ಒಮ್ಮೆ ಬಡಿಯಲು ಹೇಳಿ. ನಸುಕಿನಲ್ಲೇ ಓಣಿ ನೋಡುವ ಪೌರಕಾರ್ಮಿಕರಿಗೆ ಮತ್ತು ಹಾಲು ಹಾಕುವವರಿಗೆ ಚಿತ್ರ ತೋರಿಸಿ, ಸತ್ತ ಬೆಕ್ಕು ಕಂಡಿದೆಯೇ ಎಂಬುದನ್ನೂ ಕೇಳಲೇಬೇಕು. ಬೆಕ್ಕು ಕಣ್ಣಿಗೆ ಬಿದ್ದೂ ಹತ್ತಿರ ಬಾರದಿದ್ದರೆ ಬೋನು ಇಡಬಹುದು. ಬೋನನ್ನು ಬಟ್ಟೆಯಿಂದ ಮುಚ್ಚಿ, ಕಣ್ಣಳತೆಯಲ್ಲಿಟ್ಟು ಕಾಯಬೇಕು, ಬಿಸಿಲಿಗೆ ಬಿಟ್ಟು ಹೋಗಬಾರದು. ಅದೇ ಅಧ್ಯಯನದಲ್ಲಿ ತಪ್ಪಿಸಿಕೊಂಡ ಬೆಕ್ಕುಗಳ ಪೈಕಿ ಮೊದಲ ವಾರದೊಳಗೆ ಸಿಕ್ಕಿದ್ದು ಸುಮಾರು ಮೂರನೆಯ ಒಂದು ಭಾಗ ಮಾತ್ರ, ಇನ್ನೂ ಹಲವು ಸಿಗುತ್ತ ಹೋದದ್ದು ಆಮೇಲೆ, ಕೆಲವು ಸಿಗಲೇ ಇಲ್ಲ. ಆದ್ದರಿಂದ ಎಂಟನೆಯ ದಿನವೂ ಬಟ್ಟಲು ಅದೇ ಬಾಗಿಲಲ್ಲಿರಲಿ, ರಾತ್ರಿ ಮೂರಕ್ಕೆ ಅಲಾರಂ ಇರಲಿ.

ಮನೆಗೆ ಬಂದ ಬೆಕ್ಕಿಗೆ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಿ. ಮೈ ಸವರಿ ಗಾಯ, ಬಾವು, ಉಣ್ಣೆಗಳನ್ನು ನೋಡಿ. ಕುಂಟುತ್ತಿದ್ದರೆ, ಅಥವಾ ಒಂದು ದಿನ ಕಳೆದರೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ಬೆಳ್ಳಿಗೆ ಮೀಸೆ ಸುಟ್ಟಂತೆ ಬೂದಿ ಮೆತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಈಗ ಸಿಲಿಂಡರ್ ಬರುವ ದಿನ ಅವಳನ್ನು ಮೊದಲೇ ಮಲಗುವ ಕೋಣೆಯಲ್ಲಿ ಕೂಡಿ, ಚಿಲಕ ಹಾಕಿ, ಆಮೇಲೆ ಹಿತ್ತಲ ಬಾಗಿಲು ತೆಗೆಯುತ್ತೇವೆ.